ಸ್ಕೈರಿಮ್ ಪ್ಲಗಿನ್ ಶುದ್ಧೀಕರಣ ಮತ್ತು ಹೊಂದಾಣಿಕೆ ಪ್ಯಾಚ್

2011ರ ಪಾತ್ರಾಭಿನಯ ಆಟ ಸ್ಕೈರಿಮ್‌ನ ಮಾಡ್‌ಗಳ ನಡುವಿನ ಘರ್ಷಣೆಯನ್ನು ದಾಖಲೆಯ ಮಟ್ಟದಲ್ಲಿ ಬಿಡಿಸುವ ವಿಧಾನ. ಸ್ಪೆಷಲ್ ಎಡಿಷನ್‌ನಲ್ಲಿ ಇದರ ಮುಖ್ಯ ಸಾಧನ `SSEEdit`.

ಒಂದೇ ವಸ್ತುವಿನ ದಾಖಲೆಯನ್ನು ಎರಡು ಪ್ಲಗಿನ್‌ಗಳು ತಿದ್ದಿದ್ದರೆ, ಕೊನೆಗೆ ಲೋಡ್ ಆದದ್ದರ ದಾಖಲೆ ಇಡಿಯಾಗಿ ಉಳಿಯುತ್ತದೆ. ಆಟ ಎರಡನ್ನೂ ಬೆರೆಸುವುದಿಲ್ಲ. ಹಾಗಾಗಿ ಮೂಲವನ್ನೇ ಸುಮ್ಮನೆ ನಕಲಿಸಿದ ದಾಖಲೆಯೂ (`ITM`) ಮೊದಲಿನ ಮಾಡ್‌ನ ತಿದ್ದುಪಡಿಯನ್ನು ಅಳಿಸಬಲ್ಲದು. ಅಳಿಸಿಹಾಕಿದ ವಸ್ತುಗಳ ಉಲ್ಲೇಖಗಳು ಇನ್ನೂ ಅಪಾಯಕಾರಿ: ಬೇರೆ ಮಾಡ್ ಅವನ್ನು ಹುಡುಕಿದಾಗ ಆಟವೇ ಕುಸಿಯಬಹುದು. `Quick Auto Clean` ನಕಲುಗಳನ್ನು ತೆಗೆದು, ಅಳಿಸಿದವನ್ನು ಮರಳಿಸಿ ನಿಷ್ಕ್ರಿಯಗೊಳಿಸುತ್ತದೆ. ಅಳಿಸಿದ ನ್ಯಾವ್‌ಮೆಶ್ ಮಾತ್ರ ಇದಕ್ಕೆ ಬಗ್ಗದು. ಅದನ್ನು ಕೈಯಿಂದಲೇ ಸರಿಪಡಿಸಬೇಕು. ಕೆಲವು ಕರ್ತೃಗಳು ನಕಲನ್ನು ಬೇಕೆಂದೇ ಇಟ್ಟಿರುತ್ತಾರೆ, ಆದ್ದರಿಂದ ಅವರ ಸೂಚನೆಯನ್ನು ಮೊದಲು ಓದುವುದು ಲೇಸು.

ಶುದ್ಧೀಕರಣದಿಂದ ನಿಜವಾದ ಘರ್ಷಣೆ ಬಗೆಹರಿಯದು. ಕಬ್ಬಿಣದ ಕತ್ತಿಯ ಮೂಲ ಹಾನಿ 7 ಇದ್ದುದನ್ನು ಮೊದಲ ಮಾಡ್ 9 ಮಾಡಿದೆ, ಎರಡನೆಯದು ತೂಕವನ್ನು 9ರಿಂದ 6ಕ್ಕೆ ಇಳಿಸಿದೆ ಎನ್ನೋಣ. ಎರಡನೆಯದು ಕೊನೆಗೆ ಬಂದರೆ ತೂಕ 6 ಸಿಕ್ಕರೂ ಹಾನಿ ಮತ್ತೆ 7. `SSEEdit`ನಲ್ಲಿ ಕತ್ತಿಯ ದಾಖಲೆ ತೆರೆದರೆ ಪ್ಲಗಿನ್‌ಗಳು ಅಕ್ಕಪಕ್ಕದ ಕಂಬಸಾಲುಗಳಲ್ಲಿ ನಿಲ್ಲುತ್ತವೆ, ಸೋತ ಮೌಲ್ಯ ಕೆಂಪಾಗಿ ಕಾಣುತ್ತದೆ. ಎರಡನೆಯ ಮಾಡ್‌ನ ದಾಖಲೆಯನ್ನು `Copy as override into...` ಮೂಲಕ ಹೊಸ ಪ್ಲಗಿನ್‌ಗೆ, ಅಂದರೆ ಪ್ಯಾಚ್‌ಗೆ ನಕಲಿಸಿ, ಮೊದಲ ಮಾಡ್‌ನ ಹಾನಿಯ ಮೌಲ್ಯವನ್ನು ಪ್ಯಾಚ್‌ನ ಕಂಬಸಾಲಿಗೆ ಎಳೆದು ಹಾಕಿದರೆ 9 ಮತ್ತು 6 ಒಟ್ಟಿಗೆ ನಿಲ್ಲುತ್ತವೆ. ಮೊದಲ ಮಾಡ್‌ನ ಹೊಸ ಕೀವರ್ಡ್‌ಗಳೂ ಬೇಕಿದ್ದರೆ ಆ ಮಾಡ್ ಅನ್ನು ಪ್ಯಾಚ್‌ನ ಮಾಸ್ಟರ್ ಪಟ್ಟಿಗೆ ಸೇರಿಸಲೇಬೇಕು. ಪ್ಯಾಚ್ ಎರಡೂ ಮಾಡ್‌ಗಳ ನಂತರ ಲೋಡ್ ಆಗಬೇಕು. ಯಾವುದಾದರೂ ಮಾಡ್‌ನ ಹೊಸ ಆವೃತ್ತಿ ಬಂದಾಗ ದಾಖಲೆಯನ್ನು ಮತ್ತೆ ಹೋಲಿಸಿ ನೋಡಬೇಕು.