ಬಾಗಿಲಿನಿಂದ ಚುಚ್ಚುಮದ್ದಿನವರೆಗಿನ ಕಾಲರೇಖೆ

ಲಕ್ವಾ ಹೊಡೆದ ರೋಗಿ ಆಸ್ಪತ್ರೆಗೆ ಬಂದ ಗಳಿಗೆಯಿಂದ ಹೆಪ್ಪು ಕರಗಿಸುವ ಚುಚ್ಚುಮದ್ದಿನವರೆಗಿನ ವೇಳೆಗಳನ್ನು ಕ್ರಮವಾಗಿ ಜೋಡಿಸಿದ ದಾಖಲೆ. ರೂಢಿಯ ಗುರಿ 60 ನಿಮಿಷ. ಆಳಂದದಿಂದ ಸುಮಾರು 40 ಕಿ.ಮೀ. ದೂರದ ಕಲಬುರಗಿಗೆ ಕಳಿಸಿದ ರೋಗಿಯೊಬ್ಬರನ್ನು ಊಹಿಸಿಕೊಳ್ಳೋಣ: ದೊಡ್ಡಾಸ್ಪತ್ರೆಯ ಬಾಗಿಲು 10:05, ಸಿ.ಟಿ. ಸ್ಕ್ಯಾನ್ 10:25, ವರದಿ 10:35, ಚುಚ್ಚುಮದ್ದು 11:30. ಒಟ್ಟು 85 ನಿಮಿಷ. ದೂರು ಬೀಳುವುದು ಸಾಮಾನ್ಯವಾಗಿ ಸ್ಕ್ಯಾನ್ ಕೋಣೆಯ ಮೇಲೆ; ಇಲ್ಲಿ 55 ನಿಮಿಷ ಹೋದದ್ದು ವರದಿ ಬಂದ ಮೇಲೆ. ಅದು ರಕ್ತದೊತ್ತಡ ಇಳಿಸಲು ಹೋಯಿತೋ, ಮನೆಯವರ ಒಪ್ಪಿಗೆಗೋ, ಔಷಧ ತರಿಸಲೋ ಎಂದು ತಿಳಿಯಲು ಪ್ರತಿಯೊಂದರ ವೇಳೆಯೂ ಬೇಕು. ದಾಖಲೆಯಲ್ಲಿ ರೋಗಿ ಬರುವ ಮೊದಲೇ ಸ್ಕ್ಯಾನ್ ಆದಂತೆ ಕಂಡರೆ, ಗಡಿಯಾರಗಳು ಹೊಂದುತ್ತಿಲ್ಲವೆಂದರ್ಥ. ಆಳಂದದಲ್ಲಿ ಕಳೆದ ಹೊತ್ತು ಈ ರೇಖೆಯಲ್ಲಿ ಕಾಣುವುದೇ ಇಲ್ಲ; ಅಲ್ಲಿಗೆ ಬಂದ, ಅಲ್ಲಿಂದ ಹೊರಟ ವೇಳೆಗಳನ್ನೂ ಸೇರಿಸಬೇಕು. ಚುಚ್ಚುಮದ್ದಿನ ನಾಲ್ಕೂವರೆ ತಾಸಿನ ಮಿತಿಯನ್ನು ಎಣಿಸುವುದು ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ.