ಸೊಲೊ ಮಾದರಿಯ ಸ್ಥಿರ ಸ್ಥಿತಿ ಮತ್ತು ಉಳಿತಾಯದ ದರ

ನವಸಂಪ್ರದಾಯ ಅರ್ಥಶಾಸ್ತ್ರದ ಬೆಳವಣಿಗೆ ಮಾದರಿಯಲ್ಲಿ ಸ್ಥಿರ ಸ್ಥಿತಿ ಎಂದರೆ ತಲಾ ಕಾರ್ಮಿಕ ಬಂಡವಾಳ ಹೆಚ್ಚದೆ, ಕುಗ್ಗದೆ ನಿಲ್ಲುವ ಹಂತ. ಅಮೆರಿಕದ ರಾಬರ್ಟ್ ಸೊಲೊ ಮತ್ತು ಆಸ್ಟ್ರೇಲಿಯದ ಟ್ರೆವರ್ ಸ್ವಾನ್ ಇಬ್ಬರೂ 1956ರಲ್ಲಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಈ ಮಾದರಿಯನ್ನು ಮುಂದಿಟ್ಟರು.

ಅದಕ್ಕೂ ಮೊದಲು ಬಳಕೆಯಲ್ಲಿದ್ದದ್ದು ರಾಯ್ ಹ್ಯಾರಡ್ (1939) ಮತ್ತು ಎವ್ಸಿ ಡೋಮರ್ (1946) ಅವರ ಸೂತ್ರ. ಇಂತಿಷ್ಟು ಉತ್ಪನ್ನಕ್ಕೆ ಇಂತಿಷ್ಟೇ ಬಂಡವಾಳ ಬೇಕು ಎಂದು ಅದು ಹಿಡಿಯುತ್ತಿತ್ತು. ಹಾಗಾಗಿ ಉಳಿತಾಯದ ದರ ಇಮ್ಮಡಿಯಾದರೆ ಬೆಳವಣಿಗೆಯ ದರವೂ ಇಮ್ಮಡಿ. ಭಾರತದ ಮೊದಲ ಪಂಚವಾರ್ಷಿಕ ಯೋಜನೆಯ ಲೆಕ್ಕಾಚಾರವೂ ಬಹುಮಟ್ಟಿಗೆ ಇದೇ ಜಾಡಿನದು. ಆರ್ಥರ್ ಲೂಯಿಸ್ 1954ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಆದಾಯದ ಶೇ. 4–5ರಷ್ಟು ಉಳಿಸುವ ಸಮಾಜ ಶೇ. 12–15ರಷ್ಟು ಉಳಿಸುವ ಸಮಾಜವಾಗುವುದು ಹೇಗೆ ಎಂಬುದೇ ಅಭಿವೃದ್ಧಿಯ ಮುಖ್ಯ ಪ್ರಶ್ನೆಯಾಗಿತ್ತು.

ಸೊಲೊ ಬದಲಿಸಿದ್ದು ಒಂದೇ ಒಂದು ಊಹೆಯನ್ನು. ಬಂಡವಾಳ ಮತ್ತು ಶ್ರಮ ಒಂದರ ಜಾಗವನ್ನು ಇನ್ನೊಂದು ತುಂಬಬಲ್ಲವು, ಆದರೆ ಬಂಡವಾಳ ಕೂಡಿದಂತೆಲ್ಲ ಅದರ ಮುಂದಿನ ಕಂತು ತರುವ ಫಲ ಇಳಿಯುತ್ತ ಹೋಗುತ್ತದೆ. ಇನ್ನೊಂದೆಡೆ, ಸವಕಳಿಯನ್ನು ತುಂಬಲು ಮತ್ತು ಹೊಸದಾಗಿ ದುಡಿಮೆಗೆ ಬರುವವರಿಗೆ ಸಲಕರಣೆ ಒದಗಿಸಲು ಬೇಕಾದ ಹೂಡಿಕೆ ಬಂಡವಾಳದ ಪ್ರಮಾಣದಲ್ಲೇ ಏರುತ್ತದೆ. ನಿಧಾನವಾಗಿ ಏರುವ ಉಳಿತಾಯವನ್ನು ಸಮನಾಗಿ ಏರುವ ಈ ಖರ್ಚು ಎಲ್ಲೋ ಒಂದು ಕಡೆ ಹಿಡಿಯಲೇಬೇಕು. ಅದೇ ಸ್ಥಿರ ಸ್ಥಿತಿ.

ಒಂದು ಲೆಕ್ಕ ನೋಡಬಹುದು. ತಲಾ ಬಂಡವಾಳವನ್ನು ಲಕ್ಷ ರೂಪಾಯಿಗಳಲ್ಲಿ ಅಳೆದು, ಅದರ ಘನಮೂಲವೇ ವರ್ಷದ ತಲಾ ಉತ್ಪನ್ನ ಎಂದಿಟ್ಟುಕೊಂಡರೆ, ಆದಾಯದಲ್ಲಿ ಬಂಡವಾಳದ ಪಾಲು ಮೂರರಲ್ಲಿ ಒಂದಾಗುತ್ತದೆ. ಸವಕಳಿ ಶೇ. 3, ಕಾರ್ಮಿಕರ ಸಂಖ್ಯೆಯ ಏರಿಕೆ ಶೇ. 2, ಉಳಿತಾಯ ಶೇ. 20 ಇರಲಿ. ಆಗ ತಲಾ ಬಂಡವಾಳ 8 ಲಕ್ಷ, ಉತ್ಪನ್ನ 2 ಲಕ್ಷ. ಉಳಿತಾಯ 40 ಸಾವಿರ. 8 ಲಕ್ಷದ ಶೇ. 5 ಕೂಡ 40 ಸಾವಿರ. ತಾಳೆಯಾಯಿತು, ಬಂಡವಾಳ ಅಲುಗುವುದಿಲ್ಲ.

ಈಗ ಉಳಿತಾಯ ಶೇ. 30ಕ್ಕೆ ಏರಲಿ. ಮೊದಲ ವರ್ಷ ಹೂಡಿಕೆ 60 ಸಾವಿರ, ಅಗತ್ಯ 40 ಸಾವಿರ. ಮಿಕ್ಕ 20 ಸಾವಿರ ಬಂಡವಾಳಕ್ಕೆ ಸೇರಿ ಅದು ಶೇ. 2.5ರಷ್ಟು ಬೆಳೆಯುತ್ತದೆ, ಉತ್ಪನ್ನ ಸುಮಾರು ಶೇ. 0.8ರಷ್ಟು. ಮುಂದಿನ ವರ್ಷಗಳಲ್ಲಿ ಈ ವೇಗ ತಗ್ಗುತ್ತ ಬರುತ್ತದೆ. ಅರ್ಧ ದಾರಿ ಸವೆಯಲು ಹತ್ತಿರಹತ್ತಿರ 20 ವರ್ಷ ಬೇಕು. ಕೊನೆಗೆ ಬಂಡವಾಳ ಸುಮಾರು 14.7 ಲಕ್ಷಕ್ಕೂ ಉತ್ಪನ್ನ 2.45 ಲಕ್ಷಕ್ಕೂ ಬಂದು ನಿಲ್ಲುತ್ತವೆ. ಉಳಿತಾಯದ ದರ ಒಂದೂವರೆ ಪಟ್ಟಾದರೂ ಉತ್ಪನ್ನದ ಮಟ್ಟ ಮೇಲೇರಿದ್ದು ಸುಮಾರು ಶೇ. 22 ಮಾತ್ರ, ತಲಾ ಉತ್ಪನ್ನದ ಬೆಳವಣಿಗೆಯ ದರ ಮತ್ತೆ ಸೊನ್ನೆ. ನಡುವಿನ ದಶಕಗಳ ಅಂಕಿಅಂಶವನ್ನಷ್ಟೇ ನೋಡಿದವರಿಗೆ ಬೆಳವಣಿಗೆಯ ದರವೇ ಏರಿತೆಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ ಎಂದು ನೋಡಿದರೆ ನಿಜ ತಿಳಿಯುತ್ತದೆ.

ಅನುಭೋಗದ ಕಥೆ ಬೇರೆ. ಮೊದಲು 1.6 ಲಕ್ಷವಿದ್ದದ್ದು ಒಮ್ಮೆಲೇ 1.4 ಲಕ್ಷಕ್ಕೆ ಇಳಿದು, ಹಳೆಯ ಮಟ್ಟಕ್ಕೆ ಮರಳಲು ಸುಮಾರು 28 ವರ್ಷ ಹಿಡಿಯುತ್ತದೆ. ಅಂತಿಮವಾಗಿ ಅದು 1.71 ಲಕ್ಷ ಮುಟ್ಟುತ್ತದೆ, ಆದರೆ ಹೊಟ್ಟೆ ಕಟ್ಟಿದವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ. ಉಳಿತಾಯ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಅಲ್ಲ. ಎಡ್ಮಂಡ್ ಫೆಲ್ಪ್ಸ್ 1961ರಲ್ಲಿ ಮಂಡಿಸಿದ ‘ಸುವರ್ಣ ನಿಯಮ’ದ ಪ್ರಕಾರ ಈ ಲೆಕ್ಕದಲ್ಲಿ ಸ್ಥಿರ ಸ್ಥಿತಿಯ ಅನುಭೋಗ ಅತಿ ಹೆಚ್ಚಾಗುವುದು ಉಳಿತಾಯ ಬಂಡವಾಳದ ಪಾಲಿಗೆ, ಅಂದರೆ ಶೇ. 33.3ಕ್ಕೆ, ಸಮವಾದಾಗ. ಶೇ. 50 ಉಳಿಸಿದರೆ ಉತ್ಪನ್ನ 3.16 ಲಕ್ಷವಾದರೂ ಅನುಭೋಗ 1.58 ಲಕ್ಷ, ಶೇ. 20 ಉಳಿಸುತ್ತಿದ್ದಾಗಿನದಕ್ಕಿಂತಲೂ ಕಡಿಮೆ.

ಹಾಗಾದರೆ ತಲಾ ಉತ್ಪನ್ನ ತಲೆಮಾರುಗಟ್ಟಲೆ ಏರುತ್ತಲೇ ಇರುವುದು ಹೇಗೆ? ಮಾದರಿಯ ಉತ್ತರ ತಾಂತ್ರಿಕ ಪ್ರಗತಿ. ಸೊಲೊ 1957ರಲ್ಲಿ ಅಮೆರಿಕದ 1909–49ರ ಅಂಕಿಅಂಶಗಳನ್ನು ವಿಶ್ಲೇಷಿಸಿ, ಶ್ರಮದ ಗಂಟೆಯೊಂದರ ಉತ್ಪನ್ನದ ಏರಿಕೆಯಲ್ಲಿ ಬಂಡವಾಳದ ಕೊಡುಗೆ ಎಂಟರಲ್ಲಿ ಒಂದು ಭಾಗ ಮಾತ್ರ ಎಂದು ತೋರಿಸಿದರು. ಉಳಿದದ್ದನ್ನು ಅವರು ತಾಂತ್ರಿಕ ಬದಲಾವಣೆ ಎಂದು ಕರೆದರು. ಆದರೆ ಆ ಪ್ರಗತಿ ಎಲ್ಲಿಂದ ಬರುತ್ತದೆಂಬುದನ್ನು ಮಾದರಿ ಹೇಳುವುದಿಲ್ಲ. ಅದನ್ನು ಹೊರಗಿನಿಂದ ಬಂದದ್ದೆಂದು ಒಪ್ಪಿಕೊಂಡು ಮುಂದೆ ಹೋಗುತ್ತದೆ. ಈ ಮಾದರಿ ಮತ್ತು ಅದರಿಂದ ಹೊರಟ ಕೆಲಸಕ್ಕೆ ಸೊಲೊಗೆ 1987ರ ನೊಬೆಲ್ ಸ್ಮಾರಕ ಪ್ರಶಸ್ತಿ ಬಂತು.

ಗ್ರೆಗರಿ ಮ್ಯಾಂಕ್ಯೂ, ಡೇವಿಡ್ ರೋಮರ್ ಮತ್ತು ಡೇವಿಡ್ ವೀಲ್ 1992ರಲ್ಲಿ ಹಲವು ದೇಶಗಳ ಅಂಕಿಅಂಶಗಳ ಮೇಲೆ ಮಾದರಿಯನ್ನು ಪರೀಕ್ಷಿಸಿದರು. ಉಳಿತಾಯ ಹೆಚ್ಚಿರುವ ದೇಶಗಳಲ್ಲಿ ತಲಾ ಉತ್ಪನ್ನ ಹೆಚ್ಚು ಎಂಬುದು ನಿಜವಾಯಿತು, ಆದರೆ ಪರಿಣಾಮ ನಿರೀಕ್ಷೆಗಿಂತ ದೊಡ್ಡದಿತ್ತು: ಬಂಡವಾಳದ ಪಾಲು ಮೂರರಲ್ಲಿ ಒಂದಲ್ಲ, ಸುಮಾರು 0.6 ಎಂಬಂತೆ. ವಿದ್ಯೆ, ಕೌಶಲಗಳನ್ನೂ ಬಂಡವಾಳವೆಂದು ಎಣಿಸಿದ ಮೇಲೆ ಭೌತಿಕ ಬಂಡವಾಳದ ಪಾಲು ಮತ್ತೆ ಮೂರರಲ್ಲಿ ಒಂದರ ಆಸುಪಾಸಿಗೆ ಬಂತು.