ಪಶ್ಚಿಮೋತ್ತಾನಾಸನ (ಪದನಿಷ್ಪತ್ತಿ)

ಪಶ್ಚಿಮೋತ್ತಾನಾಸನವು ಕಾಲುಗಳನ್ನು ಮುಂದಕ್ಕೆ ಚಾಚಿ ಕುಳಿತು, ಎರಡೂ ಕೈಗಳಿಂದ ಕಾಲ್ಬೆರಳುಗಳನ್ನು ಹಿಡಿದು, ಹಣೆಯನ್ನು ಮೊಣಕಾಲುಗಳ ಮೇಲೆ ಇರಿಸುವ ಹಠಯೋಗದ ಒಂದು ಆಸನ. ಈ ಹೆಸರು ಪಶ್ಚಿಮ, ಉತ್ತಾನ, ಆಸನ ಎಂಬ ಮೂರು ಪದಗಳಿಂದ ಕೂಡಿದೆ. 'ಪಶ್ಚಿಮ ದಿಕ್ಕಿಗೆ ಚಾಚುವ ಆಸನ' ಎಂದು ಇದಕ್ಕೆ ಅರ್ಥ ಹೇಳುವುದುಂಟಾದರೂ, ಪಶ್ಚಿಮಕ್ಕೆ ಮುಖ ಮಾಡಬೇಕೆಂಬ ಸೂಚನೆ ಹೆಸರಿನಲ್ಲಿಲ್ಲ.

ಪಶ್ಚಿಮ

ಸಂಸ್ಕೃತದಲ್ಲಿ 'ಪಶ್ಚಾತ್' ಎಂದರೆ ಹಿಂದೆ, ಅನಂತರ. ಕೃತ್ಯ ನಡೆದ ಬಳಿಕ ಹುಟ್ಟುವ ತಾಪವೇ ಪಶ್ಚಾತ್ತಾಪ. ಉದಯಿಸುವ ಸೂರ್ಯನಿಗೆ ಎದುರಾಗಿ ನಿಂತವನಿಗೆ ಮುಂದಿರುವುದು ಪೂರ್ವ, ಬೆನ್ನ ಹಿಂದಿರುವುದು ಪಶ್ಚಿಮ. ಬಲಗೈಯ ಕಡೆಗಿರುವುದು ದಕ್ಷಿಣ. ಬಲಕ್ಕೂ ತೆಂಕಣಕ್ಕೂ 'ದಕ್ಷಿಣ' ಎಂಬ ಒಂದೇ ಪದವಿರುವುದು ಇದರಿಂದಲೇ. ಆದುದರಿಂದ ಆಸನದ ಹೆಸರಿನಲ್ಲಿ ಪಶ್ಚಿಮವೆಂದರೆ ದೇಹದ ಹಿಂಬದಿ: ಹಿಮ್ಮಡಿಯಿಂದ ಮೀನಖಂಡ, ತೊಡೆಯ ಹಿಂಭಾಗ, ಬೆನ್ನುಗಳ ಮೂಲಕ ಕತ್ತಿನವರೆಗಿನ ಭಾಗ. ಬೆನ್ನು ಮಾತ್ರವಲ್ಲ, ಆರಂಭಿಕರಿಗೆ ಸೆಳೆತ ಮೊದಲು ತಿಳಿಯುವುದು ಸಾಮಾನ್ಯವಾಗಿ ಮೊಣಕಾಲಿನ ಹಿಂದೆ. ಅಂಗೈಗಳನ್ನು ಹಿಂದೆ ಊರಿ, ಸೊಂಟವನ್ನು ಮೇಲೆತ್ತಿ, ದೇಹದ ಮುಂಭಾಗವನ್ನು ಹಿಗ್ಗಿಸುವ ಆಸನಕ್ಕೆ ಪೂರ್ವೋತ್ತಾನಾಸನ ಎಂಬ ಹೆಸರು ಇದೇ ಕ್ರಮದಲ್ಲಿ ಬಂದಿದೆ.

ಉತ್ತಾನ

'ತನ್' ಧಾತುವಿಗೆ ಹಿಗ್ಗಿಸು, ಹರಡು ಎಂಬ ಅರ್ಥವಿದೆ. ಸುಮಾರು 15ನೆಯ ಶತಮಾನದಲ್ಲಿ ಸ್ವಾತ್ಮಾರಾಮನು ರಚಿಸಿದ ಹಠಯೋಗಪ್ರದೀಪಿಕೆಯಲ್ಲಿ ಈ ಆಸನದ ಹೆಸರು 'ಪಶ್ಚಿಮತಾನ' ಎಂದಷ್ಟೇ ಇದೆ. 'ಉತ್' ಉಪಸರ್ಗ ಸೇರಿದ 'ಉತ್ತಾನ'ವೆಂದರೆ ಚೆನ್ನಾಗಿ ಹಿಗ್ಗಿದುದು. ಆದರೆ ಅದೇ ಪದಕ್ಕೆ ಅಂಗಾತ ಮಲಗಿದ ಸ್ಥಿತಿ ಎಂಬ ಅರ್ಥವೂ ರೂಢಿಯಲ್ಲಿದೆ. ಅದೇ ಗ್ರಂಥವು ಶವಾಸನವನ್ನು ವಿವರಿಸುವಾಗ ಈ ಎರಡನೆಯ ಅರ್ಥವನ್ನೇ ಬಳಸಿದೆ. ಪಶ್ಚಿಮೋತ್ತಾನಾಸನದಲ್ಲಿ ಮುಖ ಕೆಳಗಿರುವುದರಿಂದ ಆ ಅರ್ಥ ಹೊಂದುವುದಿಲ್ಲ. ಒಂದೇ ಪದ ಬಂದಾಗ ದೇಹದ ಭಂಗಿಯನ್ನು ನೋಡಿಯೇ ಅರ್ಥವನ್ನು ನಿಶ್ಚಯಿಸಬೇಕಾಗುತ್ತದೆ.

ಕಾಗುಣಿತದ ಗೊಂದಲ

ಕನ್ನಡ ಬರವಣಿಗೆಯಲ್ಲಿ 'ಪಶ್ಚಿಮೋತ್ಥಾನಾಸನ' ಎಂಬ ರೂಪವೂ ಕಾಣಸಿಗುತ್ತದೆ. 'ಉತ್ಥಾನ'ವು ನಿಲ್ಲು ಎಂಬ ಅರ್ಥದ 'ಸ್ಥಾ' ಧಾತುವಿನಿಂದ ಬಂದ ಬೇರೆಯೇ ಪದ. ಅದರ ಅರ್ಥ ಏಳುವುದು. ವಿಷ್ಣುವು ಯೋಗನಿದ್ರೆಯಿಂದ ಏಳುವನೆಂದು ಆಚರಿಸುವ ಉತ್ಥಾನದ್ವಾದಶಿಯಲ್ಲಿರುವುದು ಈ ಪದವೇ. ಒಂದು ಒತ್ತಕ್ಷರ ಮಹಾಪ್ರಾಣವಾದರೆ 'ಹಿಂಬದಿಯನ್ನು ಹಿಗ್ಗಿಸುವ ಆಸನ'ವು 'ಹಿಂಬದಿ ಮೇಲೇಳುವ ಆಸನ'ವಾಗಿಬಿಡುತ್ತದೆ. ನಿಂತು ಮುಂದಕ್ಕೆ ಬಾಗುವ ಉತ್ತಾನಾಸನದಲ್ಲಿಯೂ ಅಲ್ಪಪ್ರಾಣವೇ ಸರಿ. ಉತ್ಥಿತ ತ್ರಿಕೋಣಾಸನದಲ್ಲಿ ಮಾತ್ರ ಮಹಾಪ್ರಾಣವಿರಬೇಕು, ಏಕೆಂದರೆ ಅಲ್ಲಿನ ಮೂಲಧಾತು 'ಸ್ಥಾ'. ಆದರೂ ಬೆಳ್ಳೂರು ಮೂಲದ ಬಿ.ಕೆ.ಎಸ್. ಅಯ್ಯಂಗಾರ್ ಅವರು 1966ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ 'ಉತ್ಥಿತ'ಕ್ಕೂ ಚಾಚಿದ ಎಂಬ ಅರ್ಥವನ್ನೇ ಕೊಟ್ಟಿದ್ದಾರೆ. ಇದು ಭಂಗಿಗೆ ಒಪ್ಪುವ ವಿವರಣೆಯೇ ಹೊರತು ಧಾತುವಿನ ಅರ್ಥವಲ್ಲ.

ಆಸನ

'ಆಸ್' ಧಾತುವಿಗೆ ಕುಳಿತುಕೊಳ್ಳು ಎಂದರ್ಥ. ಕುಳಿತು ಮಾಡುವ ಪಶ್ಚಿಮೋತ್ತಾನಾಸನಕ್ಕೆ ಇದು ಅಕ್ಷರಶಃ ಒಪ್ಪುತ್ತದೆ. ನಿಂತು ಅಥವಾ ತಲೆಕೆಳಗಾಗಿ ಮಾಡುವ ಭಂಗಿಗಳಲ್ಲಿ ಈ ಪದವು 'ದೇಹದ ನೆಲೆ' ಎಂಬ ವಿಸ್ತೃತ ಅರ್ಥದಲ್ಲಿ ಬಳಕೆಯಾಗಿದೆ.